ತಕ್ಕಡಿಗೆ ಹತ್ತಿದ್ದೆಷ್ಟು, ಪಾತ್ರೆಗೆ ಇಳಿದದ್ದೆಷ್ಟು? ಬಾಡು–ಮೀನಿನ ರೇಟು ನೋಡುವ ಲೆಕ್ಕ

ಕೋಳಿ ಅಂಗಡಿ ಮುಂದೆ ತೂಗುಹಾಕಿದ ಬೋರ್ಡನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಒಂದೇ ಕೋಳಿಗೆ ಮೂರು–ನಾಲ್ಕು ರೇಟು ಬರೆದಿರುತ್ತಾರೆ. ಜೀವಂತ ಕೋಳಿ, ವಿತ್ ಸ್ಕಿನ್, ಸ್ಕಿನ್‌ಲೆಸ್, ಬೋನ್‌ಲೆಸ್. ಜೀವಂತ ₹130 ಇದ್ದರೆ ಬೋನ್‌ಲೆಸ್ ₹340. ಇದನ್ನು ನೋಡಿದವರು 'ಎರಡೂವರೆ ಪಟ್ಟು ಸುಲೀತಾನೆ' ಅಂದುಕೊಂಡು ಕಡಿಮೆ ರೇಟಿನದ್ದನ್ನೇ ಕೊಂಡು ಬರ್ತಾರೆ. ನಿಜವಾಗಿ ಸುಲೀತಾನಾ ಇಲ್ವಾ ಅನ್ನೋದು ಬೋರ್ಡಿನಲ್ಲಿ ಗೊತ್ತಾಗಲ್ಲ, ಯಾಕಂದ್ರೆ ಆ ನಾಲ್ಕು ರೇಟೂ ನಾಲ್ಕು ಬೇರೆ ಬೇರೆ ತೂಕಕ್ಕೆ ಹಾಕಿದವು.

ಲೆಕ್ಕ ಮಾಡಿ ನೋಡೋಣ. (ಈ ಲೇಖನದಲ್ಲಿ ಬರುವ ರೇಟೆಲ್ಲ ಲೆಕ್ಕಕ್ಕೆ ಹಿಡಿದವು. ನಿಮ್ಮೂರಿನ ಇವತ್ತಿನ ರೇಟು ಹಾಕಿಕೊಂಡು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ನೀವೇ ಮಾಡಿ.) 2 ಕೆಜಿ ತೂಗುವ ಫಾರಂ ಕೋಳಿ ಜೀವಂತ ರೇಟಿನಲ್ಲಿ ₹260 ಆಯ್ತು. ಕುಯ್ದು, ಪುಕ್ಕ, ಕರುಳು, ತಲೆ, ಕಾಲು ತೆಗೆದರೆ ಚರ್ಮದ ಸಮೇತ ಸುಮಾರು 1 ಕೆಜಿ 450 ಗ್ರಾಂ ಉಳಿಯುತ್ತೆ. ಚರ್ಮ ಸುಲಿದರೆ 1 ಕೆಜಿ 300 ಗ್ರಾಂ ಆಸುಪಾಸು. ಮೂಳೆಯನ್ನೂ ಬಿಡಿಸಿದರೆ ಬರೀ ಮಾಂಸ ಹೆಚ್ಚೆಂದರೆ 850 ಗ್ರಾಂ. ಈಗ ಅದೇ ₹260 ಅನ್ನು ಉಳಿದ ತೂಕದಿಂದ ಭಾಗಿಸಿ. ಚರ್ಮ ಇದ್ದದ್ದು ಕೆಜಿಗೆ ₹179, ಸ್ಕಿನ್‌ಲೆಸ್ ₹200, ಬೋನ್‌ಲೆಸ್ ₹306 ಬೀಳುತ್ತೆ. ಅಂಗಡಿಯವನು ಬೋನ್‌ಲೆಸ್‌ಗೆ ₹340 ಕೇಳಿದರೆ ಅವನ ಕೂಲಿ, ಬಾಡಿಗೆ, ಲಾಭ ಎಲ್ಲ ಸೇರಿ ಕೆಜಿಗೆ ₹34. ಎರಡೂವರೆ ಪಟ್ಟು ಅಂತ ಕಂಡಿದ್ದರಲ್ಲಿ ಬಹುಪಾಲು ಪುಕ್ಕ, ಕರುಳು, ಮೂಳೆಯ ತೂಕ.

ಪೂರ್ತಿ ಲೇಖನಕ್ಕೆ ಬೇಕಾದ ಲೆಕ್ಕ ಇಷ್ಟೇ:

ತಿನ್ನುವ ಕೆಜಿಯ ರೇಟು = ಕೊಟ್ಟ ದುಡ್ಡು ÷ ಕಸ ತೆಗೆದ ಮೇಲೆ ಉಳಿದ ಕೆಜಿ

ಸುಲಭ ಅನ್ನಿಸುತ್ತೆ. ಆದರೆ ಅಂಗಡಿಯ 1 ಕೆಜಿ ಕೋಳಿಗಿಂತ, ಹಬ್ಬಕ್ಕೆ ನಾಲ್ಕಾರು ಮನೆ ಸೇರಿ ತರುವ ಟಗರಿನಲ್ಲಿ ಇದರ ಬಿಸಿ ಜಾಸ್ತಿ ತಟ್ಟುತ್ತೆ. ಅಲ್ಲಿಗೇ ಹೋಗೋಣ.

ಹೊಸತೊಡಕಿನ ಟಗರು

ಮಂಡ್ಯ, ಮೈಸೂರು, ರಾಮನಗರ, ಹಾಸನದ ಕಡೆ ಯುಗಾದಿ ಮಾರನೇ ದಿನ ಹೊಸತೊಡಕಿಗೆ ಗುಡ್ಡೆ ಬಾಡು ಹಾಕೋದು ಗೊತ್ತೇ ಇದೆ. ಹತ್ತು ಮನೆ ದುಡ್ಡು ಹಾಕಿ ಒಂದು ಟಗರು ತರ್ತಾರೆ. ಕುಯ್ದು ಹತ್ತು ಗುಡ್ಡೆ ಮಾಡಿ ಹಂಚಿಕೊಳ್ತಾರೆ. 'ಅಂಗಡಿಗಿಂತ ಸೋವಿ' ಅನ್ನೋದು ಎಲ್ಲರ ನಂಬಿಕೆ. ಸೋವಿ ಆಗುತ್ತೋ ಇಲ್ಲವೋ ಅನ್ನೋದು ಟಗರನ್ನು ಯಾವ ಹೊತ್ತಿನಲ್ಲಿ ತೂಗಿದಿರಿ ಅನ್ನೋದರ ಮೇಲೆ ನಿಂತಿದೆ.

ಸಂತೆಯಲ್ಲಿ ಸಂಜೆ ತೂಗಿದಾಗ ಟಗರು 32 ಕೆಜಿ ಅಂತಿಟ್ಟುಕೊಳ್ಳಿ. ಜೀವಂತ ತೂಕಕ್ಕೆ ಕೆಜಿಗೆ ₹400 ಮಾತಾಗಿ ₹12,800 ಕೊಟ್ಟಿರಿ. ರಾತ್ರಿ ಮೇವು ಹಾಕದೆ ಬರೀ ನೀರು ಕೊಟ್ಟು ಕಟ್ಟಿದಿರಿ. ಬೆಳಗ್ಗೆ ತೂಗಿದರೆ 30 ಕೆಜಿ. ಎರಡು ಕೆಜಿ ಎಲ್ಲಿ ಹೋಯ್ತು? ಹಿಕ್ಕೆ, ಉಚ್ಚೆಯಾಗಿ ಹೋಯ್ತು. ಕುರಿ–ಮೇಕೆಯ ದೊಡ್ಡ ಹೊಟ್ಟೆಯಲ್ಲಿ ಮೆಂದ ಹುಲ್ಲು, ಕುಡಿದ ನೀರು ಎಲ್ಲ ಸೇರಿ ಮೈತೂಕದ ಹತ್ತನೇ ಒಂದು ಭಾಗಕ್ಕೂ ಮೀರಿ ತುಂಬಿರಬಹುದು. ರಾತ್ರಿ ಉಪವಾಸದಲ್ಲಿ ಅದರಲ್ಲಿ ಒಂದಿಷ್ಟು ಮಾತ್ರ ಖಾಲಿಯಾಗುತ್ತೆ. ಮಾಂಸ ಹೆಚ್ಚುಕಡಿಮೆ ಅಷ್ಟೇ ಇರುತ್ತೆ.

ಕುಯ್ದ ಮೇಲೆ ತಲೆ, ಕಾಲು, ಚರ್ಮ, ಹೊಟ್ಟೆ ಬಿಟ್ಟು ತೂಗುಹಾಕಿದ ಮೈ ಸುಮಾರು 14 ಕೆಜಿ ಬರುತ್ತೆ. ಬೆಳಗಿನ ತೂಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಅನ್ನಿ. ಈಲಿ, ಗುಂಡಿಗೆ, ಕಿಡ್ನಿ, ಪುಪ್ಪುಸ ಸೇರಿ 1 ಕೆಜಿ. ಇವನ್ನೆಲ್ಲ ಗುಡ್ಡೆಗೇ ಬೆರೆಸುವುದರಿಂದ ಹಂಚೋಕೆ ಸಿಗೋದು 15 ಕೆಜಿ. ಕುಯ್ಯುವವರ ಕೂಲಿ ₹500 ಸೇರಿಸಿದರೆ ಖರ್ಚು ₹13,300. ತಲೆ–ಕಾಲು ಒಬ್ಬರು ₹800ಕ್ಕೆ, ಬೋಟಿ ಇನ್ನೊಬ್ಬರು ₹300ಕ್ಕೆ ತೆಗೆದುಕೊಂಡರು ಅಂತಿಟ್ಟುಕೊಂಡರೆ ಉಳಿದ ಖರ್ಚು ₹12,200. ಚರ್ಮಕ್ಕೆ ಈಗ ಹೇಳಿಕೊಳ್ಳುವಂಥ ದುಡ್ಡು ಬರಲ್ಲ, ಅದನ್ನ ಬಿಟ್ಟುಬಿಡಿ. ₹12,200 ಅನ್ನು 15 ಕೆಜಿಗೆ ಭಾಗಿಸಿದರೆ ಕೆಜಿಗೆ ₹813.

ಅಂಗಡಿಯಲ್ಲಿ ಮಟನ್ ₹800 ಇದ್ದರೆ? ಸಂತೆಗೆ ಹೋಗಿ, ಆಟೋದಲ್ಲಿ ತಂದು, ರಾತ್ರಿ ಕಾದು, ಬೆಳಗ್ಗೆ ನಾಲ್ಕಕ್ಕೆ ಎದ್ದು ಮಾಡಿದ ಕೆಲಸಕ್ಕೆ ಅಂಗಡಿಗಿಂತ ಕೆಜಿಗೆ ₹13 ಜಾಸ್ತಿ ಕೊಟ್ಟ ಹಾಗಾಯ್ತು. ಅದೇ ಟಗರನ್ನು ಖಾಲಿ ಹೊಟ್ಟೆಯಲ್ಲಿ 30 ಕೆಜಿಗೆ ತೂಗಿಸಿಕೊಂಡಿದ್ದರೆ ಕೊಡಬೇಕಿದ್ದದ್ದು ₹12,000. ಉಳಿದ ಲೆಕ್ಕ ಹಾಗೇ ಇಟ್ಟರೆ ಕೆಜಿಗೆ ₹760 ಬೀಳ್ತಿತ್ತು. ನಡುವಿನ ₹800 ಎರಡು ಕೆಜಿ ಹುಲ್ಲು ನೀರಿಗೆ ಹೋದ ದುಡ್ಡು.

ಹಾಗಂತ ಸಂತೆಯಲ್ಲಿ ಯಾರೂ ನಿಮಗೋಸ್ಕರ ರಾತ್ರಿಯಿಡೀ ಉಪವಾಸ ಕಟ್ಟಲ್ಲ. ಅದಕ್ಕೇ ಹೊಟ್ಟೆ ನೋಡೋದು ಕಲೀಬೇಕು. ದೊಡ್ಡ ಹೊಟ್ಟೆ ಇರೋದು ಪ್ರಾಣಿಯ ಎಡಗಡೆ. ಹಿಂದೆ ನಿಂತು ನೋಡಿದಾಗ ಎಡಪಕ್ಕೆಯ ಹಿಂದಿನ ಗುಳಿ ಮುಚ್ಚಿ, ಬಲಗಡೆಗಿಂತ ಉಬ್ಬಿ ಬಿಗಿದಿದ್ದರೆ ಹೊಟ್ಟೆ ತುಂಬಿದೆ ಅಂತ ಅರ್ಥ. ತೂಕ ಬರಲಿ ಅಂತ ಉಪ್ಪು ನೆಕ್ಕಿಸಿ ನೀರು ಕುಡಿಸಿದ್ದರೆ ಹೊಟ್ಟೆ ಹಿಡಿದು ಅಲ್ಲಾಡಿಸಿದಾಗ ಕುಳುಕುಳು ಸದ್ದು ಕೇಳಬಹುದು. ಪ್ರಾಣಿ ಗಿಡ್ಡ ಉಸಿರು ಬಿಡುತ್ತೆ. ಇಂಥದ್ದು ಕಂಡರೆ ರೇಟಿನ ಮೇಲೆ ಚೌಕಾಸಿ ಮಾಡಬೇಡಿ, ತೂಕದಲ್ಲೇ ಎರಡು ಕೆಜಿ ಮುರಿಯೋಕೆ ಹೇಳಿ. ವ್ಯಾಪಾರಿಗಳು ರೇಟಿನ ಮಾತಿಗೆ ಬೇಗ ಒಪ್ಪಲ್ಲ. 'ಹೊಟ್ಟೆ ಮುರೀರಿ' ಅಂದ್ರೆ ಅವರಿಗೂ ಗೊತ್ತಿರೋ ಮಾತೇ.

ಮಾಂಸ ಇದೆಯಾ ಅನ್ನೋದನ್ನ ಕಣ್ಣಿಗಿಂತ ಬೆರಳಿಗೆ ಬಿಡಿ. ಉಣ್ಣೆ ಬೆಳೆದ ಕುರಿ ದಪ್ಪಗೆ ಕಾಣುತ್ತೆ, ಮಳೆಯಲ್ಲಿ ನೆನೆದ ಉಣ್ಣೆ ತಕ್ಕಡಿಗೂ ಹತ್ತುತ್ತೆ. ಕೊನೆಯ ಪಕ್ಕೆಲುಬು ಮುಗಿದ ಕಡೆ ಬೆನ್ನುಮೂಳೆಯ ಎರಡೂ ಪಕ್ಕ ಬೆರಳಿಟ್ಟು ಒತ್ತಿ. ಮೂಳೆಯ ತುದಿ ಗರಗಸದ ಹಲ್ಲಿನಂತೆ ಚುಚ್ಚಿದರೆ ಮಾಂಸ ಕಟ್ಟಿಲ್ಲ. ಬೆರಳು ಒತ್ತಿದಾಗ ಮಾತ್ರ ಮೂಳೆ ಸಿಕ್ಕಿ, ಪಕ್ಕದಲ್ಲಿ ತುಂಬಿದ ಮಾಂಸ ತಗುಲಿದರೆ ಒಳ್ಳೆ ಟಗರು. ಮೂಳೆಯೇ ಸಿಗದಷ್ಟು ಮೆತ್ತಗಿದ್ದರೆ ಕೊಬ್ಬು ಜಾಸ್ತಿ, ಅದಕ್ಕೂ ನೀವು ಮಾಂಸದ ರೇಟೇ ಕೊಡ್ತೀರಿ. ಮಳವಳ್ಳಿ ಕಡೆಯ ಬಂಡೂರು ಕುರಿಗೆ ಜನ ಹೆಚ್ಚು ದುಡ್ಡು ಕೊಡೋದಕ್ಕೆ ರುಚಿಯ ಜೊತೆ ಅದರ ಮೈಕಟ್ಟೂ ಕಾರಣ. ಗಿಡ್ಡ ಕಾಲು, ದುಂಡು ಮೈ. ಉದ್ದ ಕಾಲಿನ ಕುರಿ ಎತ್ತರಕ್ಕೆ ಕಂಡು ಮೋಸ ಮಾಡುವ ಹಾಗೆ ಇದು ಮಾಡಲ್ಲ.

ಮಾರುವವರು ನಾವೇ ಆದಾಗ ಇದೇ ಲೆಕ್ಕವನ್ನು ತಿರುಗಿಸಿ. ಮನೆ ಬಾಗಿಲಿಗೆ ಬಂದವರು 'ರಾತ್ರಿ ಮೇವು ಕಟ್ಟಿ, ಬೆಳಗ್ಗೆ ತೂಗೋಣ' ಅಂದರೆ ರೇಟು ಮೊದಲಿನದೇ ಇಡಬಾರದು. 32 ಕೆಜಿಗೆ ₹375 ಅಂದರೂ 30 ಕೆಜಿಗೆ ₹400 ಅಂದರೂ ಕೈಗೆ ಬರೋದು ಅದೇ ₹12,000. ಎರಡು ರೇಟನ್ನೂ ಮೊದಲೇ ಹೇಳಿಬಿಡಿ, ಯಾವುದು ಬೇಕೋ ಅವರು ಆರಿಸಿಕೊಳ್ಳಲಿ. ಹೀಗೆ ಮಾರಿದರೆ ಮುಂದಿನ ವರ್ಷವೂ ಅದೇ ಹತ್ತು ಮನೆ ನಿಮ್ಮ ಕೊಟ್ಟಿಗೆಗೇ ಬರುತ್ತೆ.

ಗುಡ್ಡೆ ಯಾಕೆ ಸರಿ, ತೊಡೆ ಯಾಕೆ ದುಬಾರಿ ಅಲ್ಲ

ಈಗ ಆ 14 ಕೆಜಿ ಮೈಯಲ್ಲಿ ಮೂಳೆ ಎಷ್ಟು? ಸುಮಾರು 4 ಕೆಜಿ. ಅಂದರೆ ಬೆರಕೆ ಮಾಂಸದ ಪ್ರತಿ ಕೆಜಿಯಲ್ಲಿ ಹತ್ತಿರ ಹತ್ತಿರ 300 ಗ್ರಾಂ ಮೂಳೆ. ಆದರೆ ಎಲ್ಲ ಭಾಗದಲ್ಲೂ ಒಂದೇ ಸಮ ಇರಲ್ಲ. ಹಿಂದೊಡೆಯಲ್ಲಿ ಮೂಳೆ ಐದರಲ್ಲಿ ಒಂದು ಪಾಲಿನ ಹತ್ತಿರ. ಕತ್ತು, ಎದೆ, ಪಕ್ಕೆಲುಬಿನಲ್ಲಿ ಮೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಮೊಣಕಾಲಿನ ಕೆಳಗೆ ಇನ್ನೂ ಹೆಚ್ಚು.

ನಮ್ಮ ಹಿರಿಯರ ಗುಡ್ಡೆ ಪದ್ಧತಿ ಇದನ್ನ ತಕ್ಕಡಿ ಇಲ್ಲದೆ ಸರಿಮಾಡಿತ್ತು. ತೊಡೆಯನ್ನ ಹತ್ತು ತುಂಡು, ಪಕ್ಕೆಯನ್ನ ಹತ್ತು ತುಂಡು, ಈಲಿಯನ್ನ ಹತ್ತು ಚೂರು ಮಾಡಿ ಒಂದೊಂದು ಗುಡ್ಡೆಗೂ ಒಂದೊಂದು ಹಾಕಿದರೆ ಎಲ್ಲರಿಗೂ ಮೂಳೆಯೂ ಸಮ, ಮಾಂಸವೂ ಸಮ. ಕೆಡೋದು ಯಾವಾಗ ಅಂದರೆ ಒಬ್ಬರು 'ನಮ್ಮನೇಲಿ ಬಿರಿಯಾನಿ, ನಂಗೆ ತೊಡೆ ಕಡೆಯದೇ ಕೊಡಿ' ಅಂದಾಗ. ಕೊಡಬಾರದು ಅಂತಲ್ಲ, ತೂಕದಲ್ಲಿ ಸರಿಮಾಡಬೇಕು. ಪ್ರತಿ ಗುಡ್ಡೆ 1 ಕೆಜಿ 500 ಗ್ರಾಂ ಇದ್ದರೆ ಅದರಲ್ಲಿ ಮೂಳೆ ಬಿಟ್ಟ ಮಾಂಸ ಸುಮಾರು 1 ಕೆಜಿ 50 ಗ್ರಾಂ. ತೊಡೆಯಲ್ಲಿ ಅಷ್ಟು ಮಾಂಸ ಸಿಗೋಕೆ 1 ಕೆಜಿ 300 ಗ್ರಾಂ ಸಾಕು. ತೊಡೆಯನ್ನೂ 1 ಕೆಜಿ 500 ಗ್ರಾಂ ತೂಗಿ ಕೊಟ್ಟರೆ ಉಳಿದ ಒಂಬತ್ತು ಮನೆಯ ಪಾಲಿಗೆ ಮೂಳೆ ಜಾಸ್ತಿ ಬೀಳುತ್ತೆ. ಹಬ್ಬದ ದಿನದ ಜಗಳ ಹುಟ್ಟೋದೇ ಇಲ್ಲಿ.

ಅಂಗಡಿಯಲ್ಲೂ ಇದೇ. ಬೆರಕೆ ಮಟನ್ ₹800, ಬರೀ ತೊಡೆ ₹850 ಅಂದರೆ ತೊಡೆ ದುಬಾರಿ ಅನ್ನಿಸುತ್ತೆ. ಮೂಳೆ ತೆಗೆದು ನೋಡಿದರೆ ಬೆರಕೆಯದು 800 ÷ 0.7, ಅಂದರೆ ಕೆಜಿಗೆ ₹1,143. ತೊಡೆಯದು 850 ÷ 0.8, ಕೆಜಿಗೆ ₹1,063. ಕೈಮಾ, ಡ್ರೈ ಮಾಡುವ ಮನೆಗೆ ತೊಡೆಯೇ ಸೋವಿ. ಸಾರು ಮಾಡುವ ಮನೆಗೆ ನಾನು ಹಾಗೆ ಹೇಳಲ್ಲ. ನಲ್ಲಿ ಮೂಳೆ ಇಲ್ಲದ ಮಟನ್ ಸಾರು ಮುದ್ದೆಗೆ ಹತ್ತಲ್ಲ, ಆ ಮೂಳೆಯನ್ನ ಕಸ ಅಂತ ಲೆಕ್ಕಕ್ಕೆ ಹಿಡಿಯೋದು ಅನ್ಯಾಯ. ಏನು ಅಡುಗೆ ಅನ್ನೋದು ತೀರ್ಮಾನ ಆದ ಮೇಲೇ ಏನು ಕಸ ಅನ್ನೋದು ತೀರ್ಮಾನ ಆಗೋದು.

ಇಲ್ಲಿ ಕೊಟ್ಟ ಪ್ರಮಾಣಗಳು ಪ್ರಾಣಿಯ ವಯಸ್ಸು, ಕುಯ್ಯುವವರ ಕೈ ನೋಡಿಕೊಂಡು ಸ್ವಲ್ಪ ಆಚೀಚೆ ಆಗ್ತವೆ. ನಿಮ್ಮ ಮನೆಯದು ಗೊತ್ತಾಗಬೇಕಾದರೆ ಎರಡು–ಮೂರು ಭಾನುವಾರ ತೂಗಿ ನೋಡಿ. ಅಂಗಡಿ ಚೀಟಿಯ ತೂಕ ಬರೆದಿಟ್ಟುಕೊಳ್ಳಿ. ಮನೆಗೆ ತಂದು ತೊಳೆದು ನೀರು ಪೂರ್ತಿ ಬಸಿದ ಮೇಲೆ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿ. ಕೊಬ್ಬು, ಪೊರೆ ಅಂತ ಕತ್ತರಿಸಿ ಎಸೆದದ್ದನ್ನೂ ತೂಗಿ. ಎಲ್ಲ ಹಸಿ ಇರುವಾಗಲೇ ಮಾಡಿ. ಬೆಂದ ಮಾಂಸ ನೀರು ಬಿಟ್ಟು ಕುಗ್ಗುತ್ತೆ, ಬೆಂದದ್ದನ್ನ ಹಸಿಯದ್ದರ ಜೊತೆ ಹೋಲಿಸಿದರೆ ಅಂಗಡಿಯವನ ಮೇಲೆ ಸುಮ್ಮನೆ ಅನುಮಾನ ಬರುತ್ತೆ.

ಕೆರೆ ಏರಿ ಮೇಲಿನ ಕಾಟ್ಲಾ, ರೋಹು

ಮೀನಿನಲ್ಲಿ ಮೂಳೆಗಿಂತ ತಲೆಯದೇ ದೊಡ್ಡ ಲೆಕ್ಕ. ಕೆರೆಗೆ ಬಲೆ ಬಿಟ್ಟ ದಿನ ಏರಿ ಮೇಲೆ ಕಾಟ್ಲಾ ಕೆಜಿಗೆ ₹180, ರೋಹು ₹200 ಅಂತ ಮಾರ್ತಾರೆ ಅಂತಿಟ್ಟುಕೊಳ್ಳಿ. ಎರಡೂ ಒಂದೊಂದು 2 ಕೆಜಿ ಮೀನು. ಕಾಟ್ಲಾಗೆ ₹360, ರೋಹುಗೆ ₹400 ಆಯ್ತು.

ಹುರುಪೆ, ಕಿವಿರು, ಕರುಳು ತೆಗೆದರೆ ತಲೆ ಸಮೇತ ಎರಡರಲ್ಲೂ 1 ಕೆಜಿ 650 ಗ್ರಾಂ ಆಸುಪಾಸು ಉಳಿಯುತ್ತೆ. ಕಾಟ್ಲಾದ ತಲೆ ದೊಡ್ಡದು, ಅದೊಂದೇ ಅರ್ಧ ಕೆಜಿ ತೂಗಬಹುದು. ತಲೆ ಬಿಟ್ಟರೆ ತುಂಡು 1 ಕೆಜಿ 150 ಗ್ರಾಂ. ರೋಹುವಿನ ತಲೆ ಸಣ್ಣದು, ಸುಮಾರು 350 ಗ್ರಾಂ ಹಿಡಿಯಿರಿ, ತುಂಡು 1 ಕೆಜಿ 300 ಗ್ರಾಂ ಸಿಗುತ್ತೆ. ಮನೆಯಲ್ಲಿ ತಲೆ ತಿನ್ನಲ್ಲ ಅನ್ನೋದಾದರೆ ಕಾಟ್ಲಾ ಕೆಜಿಗೆ ₹313, ರೋಹು ₹308. ₹20 ಸೋವಿ ಅಂತ ಕಂಡ ಕಾಟ್ಲಾ ಈಗ ₹5 ದುಬಾರಿ. ಅದೇ ತಲೆಯನ್ನ ಸಾರಿಗೆ ಹಾಕಿ ಚೀಪುವವರು ಮನೆಯಲ್ಲಿದ್ದರೆ ಕಾಟ್ಲಾ ಕೆಜಿಗೆ ₹218, ರೋಹು ₹242. ಒಂದೇ ಏರಿ ಮೇಲೆ ನಿಂತ ಇಬ್ಬರಿಗೆ ಎರಡು ಬೇರೆ ಮೀನು ಸೋವಿ.

ಆದ್ದರಿಂದ ಮೀನು ಕ್ಲೀನ್ ಮಾಡಿಸುವಾಗ ತಲೆ ಎಲ್ಲಿ ಹೋಯ್ತು ಅಂತ ನೋಡ್ತಿರಿ. ತೂಗಿದ್ದು ಕ್ಲೀನ್ ಮಾಡುವ ಮೊದಲು, ದುಡ್ಡು ಕೊಟ್ಟಿದ್ದು ತಲೆಗೂ ಸೇರಿ. ನೀವು ಬೇಡ ಅನ್ನದೆ ಅದು ಕಸದ ಬುಟ್ಟಿಗೋ ಬೇರೆಯವರ ಚೀಲಕ್ಕೋ ಹೋಗಬಾರದು. ಮುಂಗಾರು ಶುರುವಾದಾಗ ಇನ್ನೊಂದು ವಿಷಯ. ಆಗ ದೊಡ್ಡ ಹೆಣ್ಣು ಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತೆ, ಹೊಟ್ಟೆ ಉಬ್ಬಿ ಮೆತ್ತಗಿರುತ್ತೆ. ಮೊಟ್ಟೆ ಹುರಿದು ತಿನ್ನುವವರಿಗೆ ಅದು ಲಾಭ. ಕರುಳಿನ ಜೊತೆ ಎಸೆಯುವವರಿಗೆ ಮೇಲೆ ಹೇಳಿದ ಉಳಿಕೆ ಸಿಗಲ್ಲ, ಆ ಸಮಯದಲ್ಲಿ ಹೊಟ್ಟೆ ತೆಳುವಾದ ಮೀನು ಆರಿಸಿಕೊಳ್ಳಲಿ.

ಸೀಗಡಿ, ಮತ್ತೆ ನೀರಿನ ರೇಟು

ಸೀಗಡಿಯಲ್ಲೂ ಕಸ ಬಹಳ ಹೋಗುತ್ತೆ. ತಲೆ ಇರುವ 1 ಕೆಜಿ ಸೀಗಡಿಯ ತಲೆ ಮುರಿದು, ಸಿಪ್ಪೆ ಸುಲಿದು, ಬೆನ್ನಿನ ಕಪ್ಪು ನಾಳ ತೆಗೆದರೆ ಅರ್ಧ ಕೆಜಿಯ ಹತ್ತಿರ ಬರುತ್ತೆ. ತಲೆ ದೊಡ್ಡದಿರುವ ಸಿಹಿನೀರಿನ ಸೀಗಡಿಯಲ್ಲಿ ಇನ್ನೂ ಕಡಿಮೆ. ಹಾಗಾಗಿ ಇಡೀ ಸೀಗಡಿ ₹400, ಸುಲಿದದ್ದು ₹700 ಅಂತಿದ್ದರೆ ಇಡೀ ಸೀಗಡಿ ತಂದವರಿಗೆ ತಿನ್ನುವ ಕೆಜಿ ₹800ರ ಹತ್ತಿರ ಬೀಳುತ್ತೆ, ಅದರ ಮೇಲೆ ಒಂದು ಗಂಟೆ ಸುಲಿಯುವ ಕೆಲಸ.

ಸುಲಿದದ್ದೇ ಸೋವಿ ಅಂತ ಹೇಳಿಬಿಡಬಹುದಿತ್ತು, ಒಂದು ತೊಡಕು ಇಲ್ಲದಿದ್ದರೆ. ಸುಲಿದ ಸೀಗಡಿ ನೀರು ಹೀರುತ್ತೆ. ಐಸ್ ನೀರಿನಲ್ಲೇ ನೆನೆಯುತ್ತ ಬಿದ್ದಿದ್ದರೆ ಅದರ ತೂಕ ಏರಿರುತ್ತೆ. ಅಂಗಡಿಯಲ್ಲೇ ಪತ್ತೆ ಮಾಡಬಹುದು. ಉಬ್ಬಿ, ಅರೆಪಾರದರ್ಶಕವಾಗಿ, ಮುಟ್ಟಿದರೆ ಲೋಳೆ ಲೋಳೆ ಜಾರಿದರೆ ಅನುಮಾನ ಪಡಿ. ಬಾಣಲೆಗೆ ಎಣ್ಣೆ ಹಾಕಿ ಬಿಟ್ಟಾಗ ಹುರಿಯುವ ಬದಲು ನೀರು ಬಿಟ್ಟುಕೊಂಡು ಕುದಿಯೋಕೆ ಶುರುವಾಗಿ, ಸೀಗಡಿ ತೀರಾ ಸಣ್ಣದಾದರೆ ಅನುಮಾನ ನಿಜ. ಫ್ರೋಜನ್ ಪ್ಯಾಕೆಟ್ ಆದರೆ ಪ್ರತಿ ಸೀಗಡಿ ಮೇಲೂ ಐಸಿನ ಪದರ ಇರುತ್ತೆ. ಒಣಗದಿರಲಿ ಅಂತ ಬೇಕೆಂದೇ ಹಾಕುವ ಪದರ ಅದು, ತಪ್ಪಲ್ಲ. ಆದರೆ ಪ್ಯಾಕೆಟ್ ಮೇಲೆ ಬರೆದ ನಿವ್ವಳ ತೂಕ ಐಸ್ ಬಿಟ್ಟು ಇರಬೇಕು. ಒಮ್ಮೆ ಜರಡಿಗೆ ಹಾಕಿ ತಣ್ಣೀರಿನಲ್ಲಿ ಮೇಲಿನ ಐಸ್ ಮಾತ್ರ ಕರಗಿಸಿ, ಒಂದೆರಡು ನಿಮಿಷ ಬಸಿದು ತೂಗಿ ನೋಡಿದರೆ ಆ ಬ್ರ್ಯಾಂಡ್ ಹೇಗೆ ಅಂತ ಗೊತ್ತಾಗುತ್ತೆ.

ಐಸ್ ರಾಶಿಯಿಂದ ತೆಗೆದ ಬಂಗುಡೆ, ಬೂತಾಯಿಗೂ ಇದು ಅನ್ವಯಿಸುತ್ತೆ. ನೀರು ಸುರಿಯುವ ಮೀನನ್ನ ಹಾಗೇ ಬಟ್ಟಲಿಗೆ ಹಾಕಿ ತೂಗೋಕೆ ಬಿಡಬೇಡಿ, ಒಂದು ಸಲ ಜಾಲರಿ ಬುಟ್ಟಿಯಲ್ಲಿ ಕುಲುಕಿಸಿ. ಖಾಲಿ ಬಟ್ಟಲು ಇಟ್ಟಾಗ ತಕ್ಕಡಿಯಲ್ಲಿ ಸೊನ್ನೆ ತೋರಿಸುತ್ತಿದೆಯಾ ಅಂತ ನೋಡಿದ ಮೇಲೆ ಮೀನು ಹಾಕಲಿ. 200 ಗ್ರಾಂ ಬಟ್ಟಲು ತೂಕಕ್ಕೆ ಸೇರಿದರೆ, ಕೆಜಿಗೆ ₹240ರ ಬಂಗುಡೆಯಲ್ಲಿ ₹48 ಪ್ಲಾಸ್ಟಿಕ್ಕಿಗೆ ಕೊಟ್ಟ ಹಾಗೆ.